ಒಂದೇ ಸೈನ್ ಅಲೆಯನ್ನು ನಂಬಿದ ಲೆಕ್ಕ

ಕಂಟ್ರೋಲ್ ಲೂಪಿನಲ್ಲಿ ರಿಲೇ ಇದ್ದರೆ, ಅಥವಾ ಗೇರುಗಳ ನಡುವೆ ಸಡಿಲವಿದ್ದರೆ, ಆ ಲೂಪು ಹೊರಗಿನಿಂದ ಯಾರೂ ತಳ್ಳದಿದ್ದರೂ ಒಂದೇ ಲಯದಲ್ಲಿ ತೂಗಾಡುತ್ತಾ ಉಳಿಯಬಹುದು. ಇದೇ ಲಿಮಿಟ್ ಸೈಕಲ್. ತೂಗಾಟ ಬರುತ್ತದೆಯೇ, ಬಂದರೆ ಅದರ ಅವಧಿ ಎಷ್ಟು, ಎತ್ತರ ಎಷ್ಟು ಎಂಬ ಮೂರು ಪ್ರಶ್ನೆಗಳಿಗೂ ಒಂದೇ ನಕ್ಷೆಯಲ್ಲಿ ಉತ್ತರ ಕೊಡುವ ವಿಧಾನ ಡಿಸ್ಕ್ರೈಬಿಂಗ್ ಫಂಕ್ಷನ್. 1947ರಿಂದ 1950ರ ನಡುವೆ ಸೋವಿಯತ್ ಒಕ್ಕೂಟದಲ್ಲಿ ಗೋಲ್ಡ್‌ಫಾರ್ಬ್, ಬ್ರಿಟನ್ನಿನಲ್ಲಿ ಟಸ್ಟಿನ್, ಜರ್ಮನಿಯಲ್ಲಿ ಓಪೆಲ್ಟ್, ಅಮೆರಿಕದಲ್ಲಿ ಕೋಚೆನ್‌ಬರ್ಗರ್ ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು. ಇಂದಿಗೂ ಪಠ್ಯಪುಸ್ತಕಗಳಲ್ಲಿ ಇದಕ್ಕೊಂದು ಅಧ್ಯಾಯ ಮೀಸಲು. ನನ್ನ ತಕರಾರು ವಿಧಾನದ ಮೇಲಲ್ಲ, ಅದನ್ನು ಕಲಿಸುವ ಧಾಟಿಯ ಮೇಲೆ. ಮೂರೂ ಉತ್ತರಗಳನ್ನು ಒಂದೇ ದನಿಯಲ್ಲಿ ಹೇಳುತ್ತಾರೆ. ಆದರೆ ಅವು ಒಂದೇ ಪ್ರಮಾಣದ ನಂಬಿಕೆಗೆ ಅರ್ಹವಲ್ಲ.

ವಿಧಾನ ಇಷ್ಟೆ. ರಿಲೇಗೆ ಬರುವ ಸಂಕೇತ ಶುದ್ಧ ಸೈನ್ ಅಲೆ, ಅದರ ಎತ್ತರ A ಎಂದುಕೊಳ್ಳುತ್ತೇವೆ. ರಿಲೇಯಿಂದ ಹೊರಬರುವುದು +M ಮತ್ತು −M ನಡುವೆ ಹಾರುವ ಚೌಕ ಅಲೆ. ಅದರಲ್ಲಿ ಮೂಲ ಆವೃತ್ತಿಯ ಅಂಶವನ್ನು ಮಾತ್ರ ಇಟ್ಟುಕೊಂಡು, ಮೂರನೆಯ, ಐದನೆಯ ಹಾರ್ಮೋನಿಕ್‌ಗಳನ್ನೆಲ್ಲ ಬಿಟ್ಟುಬಿಡುತ್ತೇವೆ. ಉಳಿದದ್ದನ್ನು A ಇಂದ ಭಾಗಿಸಿದರೆ N(A) = 4M/(πA). ಎತ್ತರ ಹೆಚ್ಚಿದಂತೆ ಕುಗ್ಗುವ ಒಂದು ಗೇನ್ ಇದು. ಲೂಪಿನ ಉಳಿದ ಭಾಗದ G(jω) ರೇಖೆ −1/N(A) ರೇಖೆಯನ್ನು ಎಲ್ಲಿ ದಾಟುತ್ತದೋ ಅಲ್ಲಿ ಲಿಮಿಟ್ ಸೈಕಲ್ ಇದೆ ಎನ್ನುತ್ತೇವೆ. ಹಾರ್ಮೋನಿಕ್‌ಗಳನ್ನು ಬಿಟ್ಟದ್ದಕ್ಕೆ ಕೊಡುವ ಸಮರ್ಥನೆ ಒಂದೇ: ಲೂಪಿನ ಉಳಿದ ಭಾಗ ಮೇಲಿನ ಆವೃತ್ತಿಗಳನ್ನು ಸೋಸಿ ತೆಗೆಯುತ್ತದೆ, ಆದ್ದರಿಂದ ಮರಳಿ ರಿಲೇಗೆ ಬರುವುದು ಹೆಚ್ಚುಕಡಿಮೆ ಸೈನ್ ಅಲೆಯೇ.

ಈ ಸಮರ್ಥನೆಯನ್ನು ಪರೀಕ್ಷಿಸಲು ಕೈಲೆಕ್ಕದಲ್ಲೇ ನಿಖರ ಉತ್ತರ ಸಿಗುವ ಒಂದು ಲೂಪನ್ನು ತೆಗೆದುಕೊಳ್ಳೋಣ. ಒಂದು ಟ್ಯಾಂಕು, ಅದರ ಟೈಮ್ ಕಾನ್‌ಸ್ಟಂಟ್ 1 ನಿಮಿಷ, ಗೇನ್ 1. ಅದರ ಮುಂದೆ L ನಿಮಿಷದ ವಿಳಂಬ. ರಿಲೇ +1 ಅಥವಾ −1 ಕೊಡುತ್ತದೆ. ಸೊನ್ನೆಯನ್ನು ದಾಟಿದ ಮೇಲೂ ಔಟ್‌ಪುಟ್ L ನಿಮಿಷ ಅದೇ ದಿಕ್ಕಿನಲ್ಲಿ ಸಾಗಿ ಆಮೇಲೆ ತಿರುಗುತ್ತದೆ. ಹಾಗಾಗಿ ಶಿಖರದ ಎತ್ತರ ನಿಖರವಾಗಿ 1 − e^(−L), ಪೂರ್ತಿ ಅವಧಿ 2 ln(2e^L − 1).

ವಿಳಂಬ 6 ಸೆಕೆಂಡ್ ಇದ್ದಾಗ ನಿಜವಾದ ಅವಧಿ 22.9 ಸೆಕೆಂಡ್, ಡಿಸ್ಕ್ರೈಬಿಂಗ್ ಫಂಕ್ಷನ್ ಹೇಳುವುದು 23.1. ಇದಕ್ಕಿಂತ ಹೆಚ್ಚು ಯಾರು ಕೇಳುತ್ತಾರೆ? ಆದರೆ ಎತ್ತರ ನೋಡಿ: ನಿಜ 0.095, ಲೆಕ್ಕ 0.078. ಹದಿನೆಂಟು ಶೇಕಡಾ ಕಡಿಮೆ. ವಿಳಂಬವನ್ನು 10 ನಿಮಿಷಕ್ಕೆ ಏರಿಸಿದರೆ ನಿಜವಾದ ಅವಧಿ 21.4 ನಿಮಿಷ, ಲೆಕ್ಕ 21.9, ಎತ್ತರ ನಿಜದಲ್ಲಿ 1.00, ಲೆಕ್ಕದಲ್ಲಿ 1.22. ಈಗ ತಪ್ಪು ಇನ್ನೊಂದು ದಿಕ್ಕಿಗೆ, ಇಪ್ಪತ್ತೆರಡು ಶೇಕಡಾ ಹೆಚ್ಚು. ಕಾರಣ ಅಲೆಯ ಆಕಾರದಲ್ಲಿದೆ. ವಿಳಂಬ ಚಿಕ್ಕದಿದ್ದಾಗ ಔಟ್‌ಪುಟ್ ತ್ರಿಕೋನ ಅಲೆ, ಮತ್ತು ತ್ರಿಕೋನದಲ್ಲಿ ಮೂಲ ಅಂಶದ ಎತ್ತರ ಶಿಖರದ 0.81 ಪಟ್ಟು ಮಾತ್ರ. ವಿಳಂಬ ದೊಡ್ಡದಿದ್ದಾಗ ಅದು ಚೌಕ ಅಲೆಗೆ ಹತ್ತಿರ, ಅಲ್ಲಿ ಮೂಲ ಅಂಶ ಶಿಖರವನ್ನೂ ಮೀರುತ್ತದೆ. ಎರಡರ ನಡುವೆ, ವಿಳಂಬ 2ರಿಂದ 3 ನಿಮಿಷ ಇರುವಾಗ, ಎತ್ತರ ಸರಿಯಾಗಿ ಹೊಂದಿಕೊಳ್ಳುತ್ತದೆ. ಹಾಗೆ ಹೊಂದಿದ ಉದಾಹರಣೆಯನ್ನೇ ಪುಸ್ತಕದಲ್ಲಿ ಹಾಕಿದರೆ ಓದುವವರಿಗೆ ವಿಧಾನ ಗೆದ್ದಂತೆ ಕಾಣುತ್ತದೆ. ನಿಜದಲ್ಲಿ ಅದು ತಪ್ಪಿನ ಚಿಹ್ನೆ ಬದಲಾಗುವ ಜಾಗ, ಅಷ್ಟೆ. ಅವಧಿಯ ತಪ್ಪು ಮಾತ್ರ ಅಲ್ಲಿಯೇ ಹೆಚ್ಚು, ನಾಲ್ಕೈದು ಶೇಕಡಾ.

ಇದು ಬರೀ ಪುಸ್ತಕದ ಗೊಡವೆಯಲ್ಲ. 1984ರಲ್ಲಿ ಆಸ್ಟ್ರೋಮ್ ಮತ್ತು ಹೆಗ್ಲುಂಡ್ ಪಿಐಡಿ ಕಂಟ್ರೋಲರುಗಳನ್ನು ತಾನಾಗಿ ಟ್ಯೂನ್ ಮಾಡಲು ಇದೇ ರಿಲೇ ತೂಗಾಟವನ್ನು ಬಳಸಿದರು. ಲೂಪಿಗೆ ಕೆಲಹೊತ್ತು ರಿಲೇ ಜೋಡಿಸಿ, ಅವಧಿಯನ್ನೂ ಶಿಖರವನ್ನೂ ಅಳೆದು, 4M/(πA) ಸೂತ್ರದಿಂದ ಲೂಪು ಅಸ್ಥಿರವಾಗುವ ಅಂಚಿನ ಗೇನನ್ನು ಅಂದಾಜು ಮಾಡುತ್ತಾರೆ. ನಮ್ಮ 6 ಸೆಕೆಂಡಿನ ಲೂಪಿನಲ್ಲಿ ಆ ಗೇನ್ ನಿಜಕ್ಕೂ 16.35. ಶಿಖರದಿಂದ ಲೆಕ್ಕ ಹಾಕಿದರೆ 13.4 ಬರುತ್ತದೆ. ಕಂಟ್ರೋಲರ್ ಸ್ವಲ್ಪ ಮಂದವಾಗುತ್ತದೆ, ಕೆಡುಕಿಲ್ಲ. 10 ನಿಮಿಷದ ಲೂಪಿನಲ್ಲಿ ನಿಜ 1.04, ಅಂದಾಜು 1.27. ಈ ತಪ್ಪು ಅಪಾಯದ ಕಡೆಗಿದೆ. ಪರಿಹಾರ ಕಷ್ಟದ್ದಲ್ಲ: ಶಿಖರವನ್ನು ಓದುವ ಬದಲು ದಾಖಲಾದ ಅಲೆಯಿಂದ ಮೂಲ ಅಂಶವನ್ನು ಫೂರಿಯೇ ಲೆಕ್ಕದಲ್ಲಿ ತೆಗೆದರೆ ಮೊದಲ ಲೂಪಿಗೆ 16.5 ಸಿಗುತ್ತದೆ. ವಿಧಾನಕ್ಕೆ ಬೇಕಾದ A ಯಾವುದೆಂದು ವಿಧಾನವೇ ಹೇಳಿತ್ತು. ನಾವು ಶಿಖರ ಓದುವುದು ಸುಲಭ ಎಂದು ಅದನ್ನು ಓದಿದೆವು.

ಉಳಿದ ಪ್ರಶ್ನೆ, ತೂಗಾಟ ಇದೆಯೋ ಇಲ್ಲವೋ ಎಂಬುದು, ಇನ್ನೂ ಸೂಕ್ಷ್ಮ. ಇಲ್ಲಿ ವಿಧಾನ ಸೋಲುವುದು ಯಾವುದೋ ವಿಚಿತ್ರ ವ್ಯವಸ್ಥೆಯಲ್ಲಲ್ಲ, ಸಾಮಾನ್ಯ ಥರ್ಮೋಸ್ಟಾಟಿನಲ್ಲಿ. ಒಂದು ಒಣಗಿಸುವ ಓವನ್ ಎಂದುಕೊಳ್ಳಿ. ಕಾಯಿಲ್ ಸದಾ ಉರಿದರೆ ಒಳಗಿನ ಬಿಸಿ 100 ಡಿಗ್ರಿಗೆ ಹೋಗಿ ನಿಲ್ಲುತ್ತದೆ, ಆರಿಸಿಬಿಟ್ಟರೆ 20ಕ್ಕೆ ಇಳಿಯುತ್ತದೆ. ಟೈಮ್ ಕಾನ್‌ಸ್ಟಂಟ್ 50 ನಿಮಿಷ. ಥರ್ಮೋಸ್ಟಾಟ್ 64ರಲ್ಲಿ ಆಫ್, 56ರಲ್ಲಿ ಆನ್. ತೂಗಾಟ ಕಣ್ಣಿಗೆ ಕಾಣುವಷ್ಟು ಖಚಿತ: 56 ಮತ್ತು 64ರ ನಡುವೆ, ಸುಮಾರು 20 ನಿಮಿಷಕ್ಕೊಮ್ಮೆ. ಇದಕ್ಕೆ ಡಿಸ್ಕ್ರೈಬಿಂಗ್ ಫಂಕ್ಷನ್ ಹಚ್ಚಿದರೆ ಉತ್ತರ: ಲಿಮಿಟ್ ಸೈಕಲ್ ಇಲ್ಲ. ಹಿಸ್ಟೆರಿಸಿಸ್ ಇರುವ ರಿಲೇಯ −1/N ರೇಖೆ ಕಾಲ್ಪನಿಕ ಅಕ್ಷದಿಂದ ಹೊರಟು ಎಡಕ್ಕೆ ಓಡುತ್ತದೆ. ಒಂದೇ ಟೈಮ್ ಕಾನ್‌ಸ್ಟಂಟಿನ G(jω) ಪೂರ್ತಿ ಬಲಗಡೆ ಉಳಿಯುತ್ತದೆ. ಎರಡೂ ಎಂದೂ ಭೇಟಿಯಾಗುವುದಿಲ್ಲ.

ಯಾಕೆ ಹೀಗಾಯಿತು? ಓವನ್ ಹಾರ್ಮೋನಿಕ್‌ಗಳನ್ನು ಸೋಸುವುದಿಲ್ಲ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ಸರಿಯಾದ ಉತ್ತರವಲ್ಲ. ಬಿಸಿಯ ಅಲೆ ಇಲ್ಲಿ ಹೆಚ್ಚುಕಡಿಮೆ ತ್ರಿಕೋನ. ಅದರಲ್ಲಿ ಮೂರನೆಯ ಹಾರ್ಮೋನಿಕ್ ಮೂಲದ ಒಂಬತ್ತನೆಯ ಒಂದು ಪಾಲು, ಹನ್ನೊಂದು ಶೇಕಡಾ. ಎಷ್ಟೋ ಕಡೆ ಇಷ್ಟಕ್ಕೆ ‘ಸಾಕು, ಸೈನ್ ಅಲೆಯೇ’ ಎಂದು ಮುಂದುವರಿಯುತ್ತೇವೆ. ತೊಂದರೆ ಇರುವುದು ರಿಲೇ ಯಾವ ಕ್ಷಣದಲ್ಲಿ ಹಾರುತ್ತದೆ ಎಂಬುದರಲ್ಲಿ. ಇಲ್ಲಿ ಅದು ಹಾರುವುದು ಸರಿಯಾಗಿ ಶಿಖರದಲ್ಲಿ, 4 ಡಿಗ್ರಿ ಮೇಲೆ. ತ್ರಿಕೋನದ ಮೂಲ ಅಂಶದ ಎತ್ತರ 0.81 × 4, ಅಂದರೆ 3.2 ಡಿಗ್ರಿ. ಆ ಸೈನ್ ಅಲೆ ಒಂಟಿಯಾಗಿ 4 ಡಿಗ್ರಿಯ ಗೆರೆಯನ್ನು ಮುಟ್ಟುವುದೇ ಇಲ್ಲ. ಮುಟ್ಟಿಸುವುದು ನಾವು ಎಸೆದ ಹಾರ್ಮೋನಿಕ್‌ಗಳು, ಏಕೆಂದರೆ ಶಿಖರದಲ್ಲಿ ಅವೆಲ್ಲ ಒಂದೇ ದಿಕ್ಕಿಗೆ ಕೂಡುತ್ತವೆ. ಇನ್ನೊಂದೆಡೆ, ಹಿಸ್ಟೆರಿಸಿಸ್ ಇಲ್ಲದ ರಿಲೇ ಸೊನ್ನೆಯಲ್ಲಿ ಹಾರುತ್ತದೆ. ತ್ರಿಕೋನ ಅಲೆ ಸೊನ್ನೆ ದಾಟುವಾಗ ಅದರ ಹಾರ್ಮೋನಿಕ್‌ಗಳೂ ಸೊನ್ನೆ. ಹಿಂದಿನ ಟ್ಯಾಂಕಿನಲ್ಲಿ ಎತ್ತರ ತಪ್ಪಿದರೂ ಅವಧಿ ಅಷ್ಟು ಚೆನ್ನಾಗಿ ಸಿಕ್ಕಿದ್ದು ಇದರಿಂದಲೇ. ಆದ್ದರಿಂದ ಹಾರ್ಮೋನಿಕ್ ಎಷ್ಟಿದೆ ಎಂದು ಕೇಳಿದರೆ ಸಾಲದು, ರಿಲೇ ಹಾರುವ ಕ್ಷಣದಲ್ಲಿ ಅದು ಎಷ್ಟಿದೆ ಎಂದು ಕೇಳಬೇಕು. ಸೋವಿಯತ್ ಒಕ್ಕೂಟದ ತ್ಸಿಪ್ಕಿನ್ 1950ರ ದಶಕದಲ್ಲಿ ರಿಲೇ ಲೂಪುಗಳಿಗೆ ಕೊಟ್ಟ ನಿಖರ ವಿಧಾನ ಮಾಡುವುದು ಇದನ್ನೇ: ರಿಲೇಯ ಔಟ್‌ಪುಟ್ ಚೌಕ ಅಲೆ ಎಂಬುದು ಮೊದಲೇ ಗೊತ್ತಿರುವುದರಿಂದ, ಹಾರುವ ಕ್ಷಣದ ಬೆಲೆಯನ್ನು ಎಲ್ಲ ಹಾರ್ಮೋನಿಕ್‌ಗಳನ್ನೂ ಸೇರಿಸಿ ಕಂಡುಹಿಡಿಯುತ್ತದೆ. ಇದು ಕೈಯಲ್ಲಿರುವಾಗ ರಿಲೇ ಲೂಪಿನ ಕೊನೆಯ ಅಂಕಿಗಳಿಗೆ ಡಿಸ್ಕ್ರೈಬಿಂಗ್ ಫಂಕ್ಷನನ್ನು ನೆಚ್ಚಿಕೊಳ್ಳಲು ಕಾರಣವೇ ಇಲ್ಲ.

ಬ್ಯಾಕ್‌ಲ್ಯಾಷ್‌ನ ಕಥೆ ಬೇರೆ, ಮತ್ತು ನನ್ನ ಮಟ್ಟಿಗೆ ವಿಧಾನದ ನಿಜವಾದ ಬೆಲೆ ಇಲ್ಲಿದೆ. ಹೊರಬರುವ ಅಲೆಯ ಆಕಾರ ಒಳಬರುವ ಅಲೆಯನ್ನೇ ಅವಲಂಬಿಸುವುದರಿಂದ ತ್ಸಿಪ್ಕಿನ್‌ನ ಜಾಣತನ ಇಲ್ಲಿ ಸುಲಭಕ್ಕೆ ನಡೆಯದು. ಸಡಿಲದ ಅರ್ಧವನ್ನು b ಎನ್ನೋಣ. ತೂಗಾಟದ ಎತ್ತರ 2b ಇದ್ದರೆ ಗೇರು ಗೇನನ್ನು 0.59ಕ್ಕೆ ಇಳಿಸಿ, ಜೊತೆಗೆ 32 ಡಿಗ್ರಿ ಹಿಂದೆ ಬೀಳಿಸುತ್ತದೆ. ಎತ್ತರ 4b ಆದರೆ 0.84 ಮತ್ತು 16 ಡಿಗ್ರಿ ಚಿಲ್ಲರೆ. ಮೋಟಾರು ಸೇರಿದ ಲೂಪು G(s) = K/(s(s+1)²) ಆಗಿರಲಿ. ಸಡಿಲವಿಲ್ಲದಿದ್ದರೆ K 2 ಆಗುವವರೆಗೂ ಅದು ಸ್ಥಿರ. ಸಡಿಲ ಸೇರಿಸಿದರೆ ಎರಡು ರೇಖೆಗಳೂ K ಸುಮಾರು 1.2 ಆದಾಗಲೇ ಒಂದನ್ನೊಂದು ಸವರುತ್ತವೆ. K 1.4ರ ಆಸುಪಾಸಿಗೆ ಬಂದರೆ ಎರಡು ಛೇದಕಗಳು: ಸಣ್ಣ ಎತ್ತರದ್ದು ಅಸ್ಥಿರ, 4b ಹತ್ತಿರದ್ದು ಸ್ಥಿರ, ಅದರ ಅವಧಿ ಎಂಟು ಸೆಕೆಂಡಿಗೆ ಸ್ವಲ್ಪ ಮೇಲೆ. ಅಂದರೆ ಯಂತ್ರವನ್ನು ಮೆಲ್ಲಗೆ ಅಲುಗಿಸಿದರೆ ಸುಮ್ಮನಾಗುತ್ತದೆ, ಜೋರಾಗಿ ತಳ್ಳಿದರೆ ತೂಗಾಟಕ್ಕೆ ಬಿದ್ದು ಅಲ್ಲೇ ಉಳಿಯುತ್ತದೆ. ಗೇರು ಇರುವ ಸರ್ವೋ ಒಮ್ಮೆ ಸುಮ್ಮನಿದ್ದು ಇನ್ನೊಮ್ಮೆ ಅಲುಗುವುದೇಕೆ ಎಂದು ತಲೆ ಕೆರೆದುಕೊಳ್ಳುವವರಿಗೆ ಈ ಒಂದು ನಕ್ಷೆ ದೊಡ್ಡ ಉಪಕಾರ. ಗೇನ್ ಎಷ್ಟು ಇಳಿಸಬೇಕು ಎಂಬ ದಿಕ್ಕನ್ನೂ ಅದು ತೋರಿಸುತ್ತದೆ.

ಆದರೆ ಆ 1.2 ಎಂಬ ಅಂಕಿಯನ್ನು ನಾನು ಗಡಿಯಾಗಿ ಬರೆದುಕೊಳ್ಳುವುದಿಲ್ಲ. ರೇಖೆಗಳು ನೇರವಾಗಿ ಅಡ್ಡಹಾಯ್ದಾಗ, ಬಿಟ್ಟ ಹಾರ್ಮೋನಿಕ್‌ಗಳು ರೇಖೆಯನ್ನು ಅಷ್ಟಿಷ್ಟು ಸರಿಸಿದರೂ ಛೇದಕ ತುಸು ಜಾಗ ಬದಲಿಸುತ್ತದೆ, ಅಷ್ಟೆ. ಅವು ಸವರಿಕೊಂಡು ಹೋಗುವಾಗ ಅದೇ ಸಣ್ಣ ಸರಿತ ಛೇದಕವನ್ನು ಹುಟ್ಟಿಸಬಲ್ಲದು, ಅಳಿಸಲೂಬಲ್ಲದು. 1970ರ ದಶಕದಲ್ಲಿ ಬರ್ಗನ್, ಫ್ರಾಂಕ್ಸ್ ಮತ್ತು ಮೀಸ್ ಈ ವಿಧಾನಕ್ಕೆ ಗಣಿತದ ಆಧಾರ ಕೊಟ್ಟಾಗ ಮಾಡಿದ್ದು, ರೇಖೆಯ ಸುತ್ತ ತಪ್ಪಿನ ಒಂದು ಪಟ್ಟಿ ಎಳೆದು, ಛೇದಕ ಆ ಪಟ್ಟಿಯನ್ನು ಪೂರ್ತಿ ದಾಟಿದರೆ ಮಾತ್ರ ಖಚಿತವಾಗಿ ಹೇಳುವುದು. ಅಷ್ಟು ಲೆಕ್ಕ ಬೇಡವೆನಿಸಿದರೆ, ರೇಖೆಗಳು ಯಾವ ಕೋನದಲ್ಲಿ ದಾಟುತ್ತವೆ ಎಂದು ಕಣ್ಣಳತೆಯಲ್ಲಾದರೂ ನೋಡಬೇಕು, ಓರೆಯಿದ್ದರೆ ಸಿಮ್ಯುಲೇಷನ್ ಓಡಿಸಬೇಕು.

ಇನ್ನೊಂದು ಅನುಮಾನ ಹಾರ್ಮೋನಿಕ್‌ಗಳಿಗೆ ಸಂಬಂಧವೇ ಇಲ್ಲದ್ದು. ಮೇಲಿನ ಅಂಕಿಗಳೆಲ್ಲ ಒಂದು ಮಾತನ್ನು ಒಪ್ಪಿಕೊಂಡಿವೆ: ಹಲ್ಲುಗಳು ಬಿಟ್ಟುಕೊಂಡಾಗ ಲೋಡು ಇದ್ದಲ್ಲೇ ನಿಲ್ಲುತ್ತದೆ. ಘರ್ಷಣೆ ಹೆಚ್ಚಿರುವ ಲೋಡಿಗೆ ಅದು ನಿಜ. ಲೋಡು ಭಾರವಿದ್ದು ಬೇರಿಂಗು ನುಣುಪಾಗಿದ್ದರೆ, ಬಿಟ್ಟುಕೊಂಡ ಮೇಲೂ ಅದು ತನ್ನ ವೇಗದಲ್ಲೇ ಸಡಿಲವನ್ನು ದಾಟಿ ಎದುರು ಹಲ್ಲಿಗೆ ಬಡಿಯುತ್ತದೆ. ಆಗ ನಕ್ಷೆ ಎಷ್ಟೇ ಅಂದವಾಗಿದ್ದರೂ ಅದು ಬೇರೆ ಯಂತ್ರದ ನಕ್ಷೆ. ಗುರುತಿಸುವುದು ಕಷ್ಟವಲ್ಲ: ಮೋಟಾರು ದಿಕ್ಕು ಬದಲಿಸುವಾಗ ಲೋಡಿನ ಕಡೆಯ ಎನ್‌ಕೋಡರ್ ದಾಖಲೆ ಸಮತಟ್ಟಾಗಿ ನಿಂತರೆ ಮೊದಲ ಮಾದರಿ ಸಾಕು, ಹಾಗೆಯೇ ಜಾರುತ್ತಾ ಹೋದರೆ ಲೋಡಿನ ಜಡತ್ವ ಸೇರಿಸಿ ಮಾದರಿಯನ್ನೇ ಹೊಸದಾಗಿ ಬರೆಯಬೇಕು.