ಪಂದ್ಯಾವಳಿಯ ಪ್ರಯಾಣಪತ್ರ: ಹೇಳುವುದೇನು, ಬಿಡುವುದೇನು

ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ ಹೀಗೆ ಮೇಲೇರುತ್ತ ಹೋದಾಗ, ತಂಡದ ಹೊಣೆ ಹೊತ್ತ ವ್ಯವಸ್ಥಾಪಕರು, ಅಂದರೆ ಬಹುಪಾಲು ದೈಹಿಕ ಶಿಕ್ಷಣ ಶಿಕ್ಷಕರೇ, ಪೋಷಕರಿಗೆ ಕಳಿಸುವ ಇಮೇಲ್ ಒಂದು ಸಿದ್ಧ ರೂಪವನ್ನು ಪಡೆದುಕೊಂಡಿದೆ: ಬೆಳಿಗ್ಗೆ ಐದಕ್ಕೆ ಶಾಲೆಯಿಂದ ಬಸ್ಸು, ಸಂಘಟಕರಿಂದ ಊಟ ವಸತಿ, ಭಾನುವಾರ ರಾತ್ರಿ ವಾಪಸು. ಉಡುಪಿ ಜಿಲ್ಲೆಯ ಬಾರ್ಕೂರಿನ ಕಬಡ್ಡಿ ತಂಡವೊಂದು ಮೈಸೂರಿನಲ್ಲಿ ನಡೆಯುವ ವಿಭಾಗ ಮಟ್ಟದ ಪಂದ್ಯಾವಳಿಗೆ ಹೊರಟಿದೆಯೆಂದು ಭಾವಿಸಿ ಈ ರೂಪವನ್ನು ಪರೀಕ್ಷಿಸಿದರೆ, ಅದರ ಮೂರನೆಯ ಮಾತೇ ಎಲ್ಲಕ್ಕಿಂತ ದುರ್ಬಲವೆಂದು ಕಾಣುತ್ತದೆ.

ಮೈಸೂರು ವಿಭಾಗದಲ್ಲಿ ಉಡುಪಿಯೂ ಸೇರಿ 8 ಜಿಲ್ಲೆಗಳಿವೆ. ಜಿಲ್ಲೆಗೊಂದರಂತೆ ಬಂದ ತಂಡಗಳು ನಾಕೌಟ್ ಪದ್ಧತಿಯಲ್ಲಿ, ಅಂದರೆ ಒಮ್ಮೆ ಸೋತವರು ಕೂಟದಿಂದಲೇ ಹೊರಬೀಳುವ ಕ್ರಮದಲ್ಲಿ ಆಡಿದರೆ, ಒಂದು ತಂಡಕ್ಕೆ ಒಂದೇ ಪಂದ್ಯ ದೊರೆಯಬಹುದು, ಅಂತಿಮ ಹಣಾಹಣಿಯವರೆಗೆ ಹೋದರೆ ಮೂರು ದೊರೆಯಬಹುದು. ಆದ್ದರಿಂದ ಮರಳುವ ವೇಳೆಯನ್ನು ಹೊರಡುವ ಮೊದಲೇ ನಿಶ್ಚಿತವೆಂಬಂತೆ ಬರೆಯುವುದು ಪೋಷಕರನ್ನು ದಾರಿ ತಪ್ಪಿಸುತ್ತದೆ. ಮಂಗಳೂರು, ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿಯ ಮೂಲಕ ದಾರಿ 300 ಕಿ.ಮೀ.ಗೂ ಹೆಚ್ಚಿದ್ದು, ಊಟದ ನಿಲುಗಡೆಯೂ ಸೇರಿ ಬಸ್ಸಿಗೆ ಎಂಟು ಗಂಟೆ ಬೇಕೆಂದಿಟ್ಟುಕೊಂಡರೆ, ಸಂಜೆ ಆರಕ್ಕೆ ಮೈಸೂರು ಬಿಟ್ಟ ಮಕ್ಕಳು ಬಾರ್ಕೂರಿಗೆ ಬಂದಿಳಿಯುವುದು ನಡುರಾತ್ರಿ ಎರಡಕ್ಕೆ. ಆ ಹೊತ್ತಿಗೆ ಹನೆಹಳ್ಳಿಯತ್ತಲೋ ಕಚ್ಚೂರಿನತ್ತಲೋ ಹೋಗುವ ಬಸ್ಸಿರುವುದಿಲ್ಲ. ಮುನ್ನೂರು ಕಿಲೋಮೀಟರನ್ನು ವಿವರವಾಗಿ ಯೋಜಿಸುವ ಪತ್ರ ಕೊನೆಯ ಮೂರು ನಾಲ್ಕು ಕಿಲೋಮೀಟರಿನ ಬಗ್ಗೆ ಮೌನವಾಗಿರುವುದು ಸಣ್ಣ ಲೋಪವಲ್ಲ. ಮೊದಲ ಪಂದ್ಯದಲ್ಲೇ ಸೋತರೆ ಯಾವಾಗ, ಫೈನಲ್ ಆಡಿದರೆ ಯಾವಾಗ ಎಂದು ಎರಡು ವೇಳೆಗಳನ್ನು ಕೊಟ್ಟು, ಬಸ್ಸು ಮಂಗಳೂರು ದಾಟಿದಾಗ ಯಾರು ಕರೆ ಮಾಡುತ್ತಾರೆ, ಕರೆದೊಯ್ಯುವವರು ಬರುವ ತನಕ ಮಗುವಿನ ಜೊತೆ ಯಾರು ನಿಲ್ಲುತ್ತಾರೆ ಎಂಬುದನ್ನು ಬರೆದಾಗ ಮಾತ್ರ ಪತ್ರ ತನ್ನ ಕೆಲಸ ಮಾಡಿದಂತಾಗುತ್ತದೆ.

‘ವಸತಿ ವ್ಯವಸ್ಥೆ ಇದೆ’ ಎಂಬ ವಾಕ್ಯವೂ ಇಷ್ಟೇ ಅಪೂರ್ಣ. ಇಂಥ ಕೂಟಗಳಲ್ಲಿ ವಸತಿಯೆಂದರೆ ಸಾಮಾನ್ಯವಾಗಿ ಬೆಂಚುಗಳನ್ನು ಬದಿಗೆ ಸರಿಸಿದ ತರಗತಿ ಕೋಣೆ. ಜಮಖಾನ, ಹೊದಿಕೆ, ಸೊಳ್ಳೆಯ ಮುಲಾಮು ಮನೆಯಿಂದಲೇ ಹೋಗಬೇಕು. ಹೆಣ್ಣುಮಕ್ಕಳ ತಂಡವಾದರೆ ಕೋಣೆಗೆ ಒಳಚಿಲಕವಿದೆಯೇ, ಶೌಚಾಲಯ ಎಷ್ಟು ದೂರ, ಅದೇ ಕೋಣೆಯಲ್ಲಿ ಮಲಗುವ ಶಿಕ್ಷಕಿ ಯಾರು ಎಂಬುದು ತಾಯಂದಿರು ಕೇಳಬೇಕೆಂದುಕೊಂಡೂ ಸಂಕೋಚದಿಂದ ಕೇಳದೆ ಬಿಡುವ ಪ್ರಶ್ನೆಗಳಾದ್ದರಿಂದ, ಅವರು ಕೇಳುವ ಮೊದಲೇ ಪತ್ರ ಉತ್ತರಿಸಬೇಕು.

ಮಾಧ್ಯಮದ ಆಯ್ಕೆಯಲ್ಲೂ ಒಂದು ತೊಡಕಿದೆ. ಈ ಭಾಗದ ಎಷ್ಟೋ ಮನೆಗಳಲ್ಲಿ ತಂದೆ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹೋಟೆಲು ಕೆಲಸದಲ್ಲಿದ್ದು, ಶಾಲೆಗೆ ಕೊಟ್ಟ ಇಮೇಲ್ ವಿಳಾಸ ಅವರದೋ ಅಣ್ಣನದೋ ಆಗಿರುತ್ತದೆ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ರಾತ್ರಿ ಎರಡಕ್ಕೆ ಶಾಲೆಯ ಬಾಗಿಲಿಗೆ ಬರಬೇಕಾದವರು ಮಾತ್ರ ಊರಿನಲ್ಲಿರುವ ತಾಯಿ ಅಥವಾ ಅಜ್ಜ. ಆದ್ದರಿಂದ ಅದೇ ಪತ್ರದ ಕನ್ನಡ ಪ್ರತಿಯೊಂದನ್ನು ಮುದ್ರಿಸಿ ಮಕ್ಕಳ ಕೈಯಲ್ಲೇ ಮನೆಗೆ ಕಳಿಸುವುದು, ಒಪ್ಪಿಗೆ ಚೀಟಿಯಲ್ಲಿ ಕರೆದೊಯ್ಯುವವರ ಹೆಸರಿಗೂ ಫೋನ್ ಸಂಖ್ಯೆಗೂ ಒಂದು ಸಾಲು ಬಿಡುವುದು ಅಗತ್ಯ.