ಕೊನೆಯ ಹದಿನೈದು ನಿಮಿಷ ಯಾರ ಪಾಲು?

‘ಸಮಯದ ಅಭಾವದಿಂದ ಉಳಿದ ಪ್ರಶ್ನೆಗಳನ್ನು ತೆಗೆದುಕೊಳ್ಳಲಾಗುತ್ತಿಲ್ಲ, ದಯವಿಟ್ಟು ಮೇಲ್ ಮಾಡಿ.’ ವೆಬಿನಾರ್ ನಿರೂಪಕರ ಸ್ಕ್ರಿಪ್ಟಿನಲ್ಲಿ ಈ ಸಾಲನ್ನು ಮೊದಲೇ ಟೈಪ್ ಮಾಡಿ ಇಟ್ಟಿರುತ್ತಾರೆ. ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ, ಅಭಾವ ಆಗಲೇ ತಯಾರು! ನನ್ನ ತಕರಾರು ಈ ಸಾಲಿನ ಮೇಲೆ. ಸಮಯ ಕೊನೆಯಲ್ಲಿ ಖಾಲಿಯಾಗುವುದಿಲ್ಲ, ನಡುವೆ ಯಾರೋ ಒಬ್ಬರಿಗೆ ಹೋಗಿರುತ್ತದೆ. ಹೋಗುವಾಗ ಏನು ಮಾಡಬೇಕು ಅಂತ ಸ್ಕ್ರಿಪ್ಟಿನಲ್ಲಿ ಬರೆದಿರುವುದಿಲ್ಲ.

ಒಂದು ಉದಾಹರಣೆ ಬಿಚ್ಚಿ ನೋಡೋಣ. ಕಬ್ಬಿಗೆ ಹನಿ ನೀರಾವರಿ ಕುರಿತ ಒಂದು ವೆಬಿನಾರ್, ಸಂಜೆ 7ರಿಂದ 8. ನಮ್ಮೂರು ಚಿಮ್ಮಡ. ಸುತ್ತಲಿನ ಜಮಖಂಡಿ, ಮುಧೋಳದ ಕಡೆಯೆಲ್ಲ ಕಬ್ಬೇ ಕಬ್ಬು, ಹಾಗಾಗಿ ಬೆಂಗಳೂರಿನಲ್ಲಿ ಕೂತು ನಾನೂ ಸೇರಿಕೊಂಡೆ. ಮುಗಿದ ಮೇಲೆ ಆಯೋಜಕರಿಂದ ಸ್ಕ್ರಿಪ್ಟ್ ಕೇಳಿ ಪಡೆದು ಓದಿದೆ. ನಾಲ್ಕು ಪುಟ. ಅದರಲ್ಲಿ ಎರಡು ಪುಟ ಬರೀ ಅತಿಥಿಗಳ ಪರಿಚಯ.

ಲೆಕ್ಕ ಹೀಗಿತ್ತು: ಸ್ವಾಗತ 4 ನಿಮಿಷ, ಮೂವರು ಭಾಷಣಕಾರರಿಗೆ ತಲಾ 12, ನಡುವಿನ ಎರಡು ಕೊಂಡಿಗೆ ತಲಾ 1, ಪ್ರಶ್ನೋತ್ತರ 15, ವಂದನೆ 3. ಒಟ್ಟು ಸರಿಯಾಗಿ 60. ನಡೆದದ್ದು ಬೇರೆ. ‘ಇನ್ನೂ ಜನ ಸೇರ್ತಾ ಇದಾರೆ’ ಅಂತ ಕಾದಿದ್ದು 3 ನಿಮಿಷ. ಸ್ವಾಗತ 7 ನಿಮಿಷಕ್ಕೆ ಹೋಯಿತು. ಮೊದಲನೆಯವರಾದ ಕೃಷಿ ವಿಜ್ಞಾನಿ 16 ನಿಮಿಷ ಮಾತಾಡಿದರು. ಎರಡನೆಯವರಾದ ನೀರಾವರಿ ಎಂಜಿನಿಯರ್ ಸ್ಕ್ರೀನ್ ಶೇರ್ ಆಗದೆ 2 ನಿಮಿಷ ಒದ್ದಾಡಿದರು. 7:42ಕ್ಕೆ ಬರಬೇಕಿದ್ದ ಪ್ರಶ್ನೋತ್ತರ 7:54ಕ್ಕೆ ಬಂತು. ಉಳಿದದ್ದು 3 ನಿಮಿಷ, ಒಂದೇ ಪ್ರಶ್ನೆ.

ಇಲ್ಲಿ ಯಾರೂ ದೊಡ್ಡದಾಗಿ ಕದ್ದಿಲ್ಲ ನೋಡಿ. ನಾಲ್ಕು ಕಡೆ ಎರಡು-ಮೂರು-ನಾಲ್ಕು ನಿಮಿಷ ಸೋರಿತು, ಸೋರಿದ್ದಷ್ಟೂ ಕೇಳುಗರ ಪಾಲಿನಿಂದ. ಸ್ಕ್ರಿಪ್ಟಿನಲ್ಲಿ ‘12 ನಿಮಿಷ’ ಅಂತಿತ್ತೇ ಹೊರತು ‘7:16ಕ್ಕೆ ಮುಗಿಯಬೇಕು’ ಅಂತ ಇರಲಿಲ್ಲ. ಅವಧಿ ಮಾತ್ರ ಬರೆದರೆ ತಡವಾಗಿದ್ದು ನಿರೂಪಕರಿಗೆ ಕಾಣುವುದೇ ಇಲ್ಲ. ಪ್ರತಿಯೊಬ್ಬರೂ ಶುರು ಮಾಡಿದಾಗ ಗಡಿಯಾರ ಸೊನ್ನೆಯಿಂದ ಓಡಿದಂತೆ ಆಗುತ್ತದೆ. ಅದಕ್ಕೇ ಸ್ಕ್ರಿಪ್ಟನ್ನು ಹಿಂದಿನಿಂದ ಬರೆಯಬೇಕು: 8:00 ಮುಕ್ತಾಯ, 7:57 ವಂದನೆ, 7:42 ಪ್ರಶ್ನೆಗಳು, ಅಲ್ಲಿಂದ ಹಿಂದಕ್ಕೆ. ಪ್ರತಿ ಸಮಯದ ಪಕ್ಕ ಇನ್ನೊಂದು ಸಾಲು ಇರಬೇಕು: ಇಷ್ಟೊತ್ತಿಗೆ 3 ನಿಮಿಷ ತಡವಾಗಿದ್ದರೆ ಏನನ್ನು ಬಿಡಬೇಕು?

ಮೊದಲು ಬಿಡಬೇಕಾದದ್ದು ನಿರೂಪಕರ ಸ್ವಂತ ಮಾತನ್ನು. ಆ ಸ್ಕ್ರಿಪ್ಟಿನ ಕೊಂಡಿ ಹೀಗಿತ್ತು: ‘ಅದ್ಭುತವಾದ ಮಾತುಗಳಿಗೆ ಧನ್ಯವಾದಗಳು ಸರ್. ಈಗ ನಮ್ಮೊಂದಿಗೆ…’ ಆಮೇಲೆ ಡಿಗ್ರಿ, ಪ್ರಶಸ್ತಿ, ಹುದ್ದೆ. ಈ ಸಾಲನ್ನು ಮ್ಯೂಚುವಲ್ ಫಂಡ್ ವೆಬಿನಾರಿಗೂ ಹಾಕಬಹುದು. ಹಿಂದಿನವರು ಏನು ಹೇಳಿದರು ಎಂಬುದರ ಒಂದು ತುಣುಕೂ ಅದರಲ್ಲಿಲ್ಲ.

ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಭಾಗವತ ಗೊತ್ತು. ಪಾತ್ರ ಬಂದಾಗ ಅವನು ಅದರ ಬಯೋಡೇಟಾ ಓದುವುದಿಲ್ಲ, ಮಾತಾಡಿಸುತ್ತಾನೆ. ನೀವ್ಯಾರು, ಯಾಕೆ ಬಂದಿರಿ ಅಂತ ಕೇಳುತ್ತಾನೆ. ಪಾತ್ರ ಉತ್ತರ ಕೊಡುತ್ತ ಕೊಡುತ್ತಲೇ ಕತೆಯೊಳಗೆ ಇಳಿದುಬಿಡುತ್ತದೆ. ವೆಬಿನಾರಿನ ಕೊಂಡಿಯೂ ಇಷ್ಟೇ ಆಗಬೇಕು. ವಿಜ್ಞಾನಿಗಳು ಅವತ್ತು ಸಾಲಿನಿಂದ ಸಾಲಿಗೆ ಐದು ಅಡಿ ಬಿಡಿ ಎಂದಿದ್ದರು. ನಿರೂಪಕರು ಎಂಜಿನಿಯರ್ ಕಡೆ ತಿರುಗಿ, ‘ಐದಡಿ ಬಿಟ್ರ ಎಕರೆಗೆ ಪೈಪ್ ಎಷ್ಟು ಬೇಕಾಗ್ತದ, ಖರ್ಚು ಎಷ್ಟು ಬರ್ತದರಿ ಸರ್?’ ಅಂತ ಕೇಳಿದ್ದರೆ ಹದಿನೈದು ಸೆಕೆಂಡಿನಲ್ಲಿ ಕೊಂಡಿ ಮುಗಿಯುತ್ತಿತ್ತು. ಅವರ ಪೀಠಿಕೆಯ ಸ್ಲೈಡೂ ಬೇಕಾಗುತ್ತಿರಲಿಲ್ಲ. ಇದನ್ನು ಪೂರ್ತಿ ಮೊದಲೇ ಬರೆದಿಡಲು ಬರುವುದಿಲ್ಲ. ಸ್ಕ್ರಿಪ್ಟಿನಲ್ಲಿ ‘ಹಿಂದಿನವರು ಹೇಳಿದ ಒಂದು ಅಂಕಿ’ ಅಂತ ಬರೆದು ಮುಂದೆ ಖಾಲಿ ಜಾಗ ಬಿಡಬೇಕು, ಕೇಳುತ್ತ ತುಂಬಬೇಕು.

ಇನ್ನು ಹಿರಿಯರ ಮಾತು ನಿಲ್ಲಿಸುವ ಕಷ್ಟ. ಆ ಸ್ಕ್ರಿಪ್ಟಿನಲ್ಲಿ ‘ಚಾಟ್‌ನಲ್ಲಿ ನೆನಪಿಸಿ’ ಅಂತಿತ್ತು. ಸ್ಲೈಡನ್ನು ಪೂರ್ತಿ ಪರದೆಗೆ ಹರಡಿ ಮಾತಿನಲ್ಲಿ ಮುಳುಗಿದವರು ಚಾಟ್ ನೋಡುವುದು ಕಷ್ಟ. ‘ಸ್ವಲ್ಪ ಬೇಗ ಸರ್’ ಅಂದರೂ ಉಪಯೋಗವಿಲ್ಲ, ಅವೇ ಸ್ಲೈಡುಗಳನ್ನು ಗಡಿಬಿಡಿಯಲ್ಲಿ ಓದುತ್ತಾರೆ, ಒಂದನ್ನೂ ಬಿಡುವುದಿಲ್ಲ. ಕೆಲಸ ಮಾಡುವುದು ಎರಡು ದಾರಿ. ಇನ್ನೂ ಶುರು ಮಾಡದವರಿಗೆ ಶುರುವಿನಲ್ಲೇ ಹೇಳುವುದು: ‘ಸರ್, 10 ನಿಮಿಷ ಐತಿ, ಸೀದಾ ಖರ್ಚಿನ ಲೆಕ್ಕದಿಂದ ಶುರು ಮಾಡೋಣೇನ್ರಿ?’ ಈ ಕತ್ತರಿ ಎಲ್ಲಿ ಹಾಕಬೇಕು ಅಂತ ರಿಹರ್ಸಲ್ ದಿನವೇ ಅವರನ್ನೇ ಕೇಳಿ ಬರೆದುಕೊಂಡಿರಬೇಕು. ಈಗಾಗಲೇ ಮೀರಿದವರಿಗೆ, ವಾಕ್ಯ ಮುಗಿಯುವಲ್ಲಿ ಮೈಕ್ ಆನ್ ಮಾಡಿ ಒಂದು ಪ್ರಶ್ನೆ ಕೊಡುವುದು: ‘ಸರ್, ರೈತರು ಈ ವಾರನ ಮಾಡಬೇಕಾದ ಕೆಲಸ ಒಂದ ಒಂದು ಹೇಳ್ರಿ ಅಂದ್ರ?’ ಇದು ಅವಮಾನವಲ್ಲ, ಗೌರವದಿಂದ ಹೊರಬರುವ ಬಾಗಿಲು. ಅದಕ್ಕೆ ಉತ್ತರಿಸಿದ ಮೇಲೆ ಹಿಂದಿನ ಸ್ಲೈಡಿಗೆ ವಾಪಸ್ ಹೋಗುವುದು ಅವರಿಗೇ ಮುಜುಗರ.

ಅದೇ ಸಂಜೆಯನ್ನು ಹೀಗೆ ಮರು ಲೆಕ್ಕ ಹಾಕಿ. ಶುರು 3 ನಿಮಿಷ ತಡ, ಸರಿ. ಸ್ವಾಗತ ನಾಲ್ಕರಲ್ಲೇ ನಿಂತಿತು. ಮೊದಲನೆಯವರು 13ಕ್ಕೆ ನಿಂತರು, ತಡ 4 ಆಯಿತು. ಸ್ಕ್ರೀನ್ ಕೈಕೊಟ್ಟ 2 ನಿಮಿಷದಲ್ಲಿ ‘ಆಗ್ತಿದೆಯಾ ಸರ್?’ ಅನ್ನುವ ಬದಲು ವಿಜ್ಞಾನಿಗಳಿಗೆ ಒಂದು ಪ್ರಶ್ನೆ ಹೋಯಿತು. ತಡ 6. ಎಂಜಿನಿಯರ್ 10ರಲ್ಲಿ ಮುಗಿಸಿದರು, ಮತ್ತೆ 4. ಪ್ರಶ್ನೋತ್ತರ 7:46ಕ್ಕೆ ಶುರು. ವಂದನೆ 1 ನಿಮಿಷ. ಕೇಳುಗರಿಗೆ 13 ನಿಮಿಷ ಉಳಿಯಿತು, ಮೂರಲ್ಲ.

ಆ 13 ನಿಮಿಷ ಯಾವ ಪ್ರಶ್ನೆಗೆ ಎಂಬುದೂ ಮುಖ್ಯ. ಸ್ಕ್ರಿಪ್ಟಿನ ನಿಯಮ: ‘ಹೆಚ್ಚು ಲೈಕ್ ಬಂದ ಪ್ರಶ್ನೆ ಮೊದಲು.’ ಝೂಮ್‌ನ ಪ್ರಶ್ನೋತ್ತರ ಪಟ್ಟಿಯಲ್ಲಿ ಕೇಳುಗರು ಲೈಕ್ ಒತ್ತಬಹುದು. ಅವತ್ತು ಮೇಲೆ ಬಂದದ್ದು ‘ಇ-ಸರ್ಟಿಫಿಕೇಟ್ ಯಾವಾಗ?’ ಸಿಕ್ಕ ಮೂರು ನಿಮಿಷ ಅದಕ್ಕೇ ಹೋಯಿತು! ಕೆಳಗೆ ಒಂದೂ ಲೈಕ್ ಇಲ್ಲದೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ ಪ್ರಶ್ನೆಯೊಂದಿತ್ತು: ‘savalu bhoomige idu naditadenri?’ ಸವಳು ಅಂದರೆ ಉಪ್ಪೇರಿದ ನೆಲ. ವರ್ಷಗಟ್ಟಲೆ ಕಬ್ಬಿಗೆ ನೀರು ಹರಿಸಿ ಹರಿಸಿ ನಮ್ಮ ಭಾಗದಲ್ಲಿ ಸಾಕಷ್ಟು ಹೊಲ ಸವಳು-ಜವಳಾಗಿವೆ. ಹನಿ ನೀರು ಬಿಟ್ಟಾಗ ಉಪ್ಪು ಒದ್ದೆಯಾದ ಜಾಗದ ಅಂಚಿಗೆ ಸರಿದು ಕೂರುತ್ತದೆ. ಅದನ್ನು ತೊಳೆದು ಹೊರಗೆ ಕಳಿಸುವ ಬಸಿಗಾಲುವೆ ಬೇಕೋ ಬೇಡವೋ ಅನ್ನುವುದರ ಮೇಲೆ ಒಬ್ಬ ರೈತನ ಸಾಲ ನಿಂತಿರುತ್ತದೆ. ಮೂವರು ತಜ್ಞರು ಅಲ್ಲೇ ಕೂತಿದ್ದರು.

ಸರ್ಟಿಫಿಕೇಟ್, ರೆಕಾರ್ಡಿಂಗ್, ಸ್ಲೈಡ್ ಕುರಿತ ಪ್ರಶ್ನೆಗಳಿಗೆ ಸಹಾಯಕರೊಬ್ಬರು ಅಲ್ಲೇ ಟೈಪ್ ಮಾಡಿ ಉತ್ತರಿಸಿದರೆ ಸಾಕು. ಉಳಿದವನ್ನು ಮೂರನೆಯವರು ಮಾತಾಡುವಾಗಲೇ ಓದಿ, ಒಂದೇ ಥರದವನ್ನು ಸೇರಿಸಿ, ಯಾರು ಉತ್ತರಿಸಬೇಕು ಅಂತ ಹೆಸರು ಬರೆದುಕೊಳ್ಳಬೇಕು. ‘ಯಾರಾದರೂ ಉತ್ತರಿಸಬಹುದು’ ಅಂದರೆ ಮೂವರೂ ಉತ್ತರಿಸುತ್ತಾರೆ, ಐದು ನಿಮಿಷ ಹೋಯಿತು. ಉದ್ದನೆಯ ಪ್ರಶ್ನೆ ಓದುವಾಗ ನಮಸ್ಕಾರ ಬಿಡಿ, ಎಕರೆ ಮತ್ತು ಮಣ್ಣು ಬಿಡಬೇಡಿ. ಉತ್ತರ ಅಲ್ಲೇ ಇರುತ್ತದೆ.

ಹೀಗೆ ಮಾಡಿದರೂ ಒಂದಿಷ್ಟು ಪ್ರಶ್ನೆ ಉಳಿಯುತ್ತವೆ. ಆಗ ‘ಮೇಲ್ ಮಾಡಿ’ ಎಂದು ಕೇಳಿದವರ ಮೇಲೆಯೇ ಮತ್ತೆ ಕೆಲಸ ಹಾಕಬಾರದು, ಅವರು ಈಗಾಗಲೇ ಒಮ್ಮೆ ಬರೆದಿದ್ದಾರೆ. ‘ನಾಲ್ಕು ಪ್ರಶ್ನೆ ಉಳಿದಾವ, ಬರೆದುಕೊಂಡೀವಿ, ಶುಕ್ರವಾರದೊಳಗ ನಾವ ಉತ್ತರ ಕಳಸ್ತೀವಿ’ ಅನ್ನಬೇಕು. ಎಣಿಕೆ ಮತ್ತು ದಿನ ಎರಡೂ ಇರುವ ಆ ಸಾಲನ್ನು ಬೇಕಾದರೆ ಮೊದಲೇ ಟೈಪ್ ಮಾಡಿ ಇಟ್ಟುಕೊಳ್ಳಿ, ಅಂಕಿಯ ಜಾಗ ಮಾತ್ರ ಖಾಲಿ ಬಿಟ್ಟು.