ಏಜೆನ್ಸಿಗೆ ಬಂದ ಪತ್ರ ಮತ್ತು ಕಾಫಿಯ ಘಮ

ಮಾರುಕಟ್ಟೆಗೆ ಹೊಸ ಕಾಫಿಪುಡಿ ಬಂದಿತೆಂದರೆ ಕಾಫಿ ರಸಿಕರು ಮೊದಲು ಪೊಟ್ಟಣದ ಹಿಂಬದಿ ತಿರುಗಿಸುತ್ತಾರೆ. ಚಿಕೋರಿ ಎಷ್ಟು, ಅರೇಬಿಕಾ ಮಾತ್ರವೇ ಅಥವಾ ರೋಬಸ್ಟಾವೂ ಸೇರಿದೆಯೇ, ಪೀಬರಿ ಎಂದು ಬರೆದಿದ್ದಾರೆಯೇ ಎಂಬ ವಿಚಾರಣೆ ಅಲ್ಲೇ ನಡೆದು ಅಲ್ಲೇ ಮುಗಿಯುತ್ತದೆ. ಆ ಪೊಟ್ಟಣ ಅಂಗಡಿಯ ಕಪಾಟಿಗೆ ಏರುವುದಕ್ಕೆ ಮುಂಚೆಯೇ ಅದರ ಬಗ್ಗೆ ಇನ್ನೊಂದು ಬರಹ ಊರೂರು ತಿರುಗಿ ಬಂದಿರುತ್ತದೆ. ಕಂಪನಿಯು ತನ್ನ ವಿತರಕರಿಗೆ ಕಳಿಸುವ ಸುತ್ತೋಲೆ ಅದು. ಎಂಆರ್‌ಪಿ ಎಷ್ಟು, ಅಂಗಡಿಗೆ ಯಾವ ದರ, ಏಜೆನ್ಸಿಗೆ ಯಾವ ದರ, ಎಷ್ಟು ಕೇಸ್ ಸಿಗುತ್ತದೆ, ಬಿಡುಗಡೆ ಯಾವತ್ತು ಎಂಬುದೆಲ್ಲ ಒಂದು ಪುಟದಲ್ಲಿ ಇರುತ್ತದೆ. ರುಚಿಗೆ ಅಲ್ಲಿ ಹೆಚ್ಚೆಂದರೆ ಒಂದು ಸಾಲು, ಅದೂ ಜಾಹೀರಾತಿನಿಂದ ಎತ್ತಿದ್ದು.

ಆದರೂ ಕಾಫಿಯ ಮಟ್ಟಿಗೆ ಇದು ಬರೀ ಲೆಕ್ಕದ ಕಾಗದವಲ್ಲ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಪರಿಮಳದ ಅಂಶಗಳು ಎಣ್ಣೆಯಲ್ಲಿ ಅಡಗಿರುತ್ತವೆ. ಪುಡಿ ಮಾಡಿದ ಕ್ಷಣದಿಂದ ಎರಡೂ ಹೊರಟುಹೋಗಲು ಶುರುವಾಗುತ್ತವೆ, ಗಾಳಿಯ ಆಮ್ಲಜನಕ ಒಳಗೆ ಕೈಹಾಕುತ್ತದೆ. ನಮ್ಮೂರುಗಳ ಕಾಫಿಪುಡಿ ಅಂಗಡಿಯಲ್ಲಿ ಕಾಲು ಕಿಲೋ ಕೇಳಿದರೆ ಎದುರಿಗೇ ಪುಡಿ ಮಾಡಿ, ಹೇಳಿದಷ್ಟು ಚಿಕೋರಿ ಬೆರೆಸಿ, ಬಿಸಿಬಿಸಿ ಪೊಟ್ಟಣ ಕೈಗಿಡುತ್ತಾರಲ್ಲ, ಅಲ್ಲಿ ವಿತರಕನೇ ಇಲ್ಲ. ಹಾಗಾಗಿ ಸುತ್ತೋಲೆಯೂ ಇಲ್ಲ, ಘಮ ಸೋರಿಹೋಗಲು ಸಮಯವೂ ಇಲ್ಲ. ಪೊಟ್ಟಣದ ಕಾಫಿಗೆ ಆ ಭಾಗ್ಯವಿಲ್ಲ. ಅದು ಕಾರ್ಖಾನೆ, ಡಿಪೊ, ಏಜೆನ್ಸಿ ಗೋದಾಮು, ಅಂಗಡಿ ಎಂದು ನಾಲ್ಕು ಕಡೆ ತಂಗಿ ಬರಬೇಕು. ಎಲ್ಲೆಲ್ಲಿ ಎಷ್ಟೆಷ್ಟು ದಿನ ತಂಗುತ್ತದೆ ಎಂಬುದನ್ನು ಆ ಒಂದು ಪುಟ ಬಹುಪಾಲು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಒಂದು ಕಲ್ಪಿತ ಸುತ್ತೋಲೆಯನ್ನೇ ಇಟ್ಟುಕೊಂಡು ನೋಡಬಹುದು. ಚಿಕೋರಿ ಇಲ್ಲದ ಶುದ್ಧ ಕಾಫಿಪುಡಿ, 200 ಗ್ರಾಂ ಪೊಟ್ಟಣ, ಎಂಆರ್‌ಪಿ 210 ರೂಪಾಯಿ. ಹುರಿದ ಕಾಫಿಗೆ ಜಿಎಸ್‌ಟಿ ಶೇ 5. ಎಂಆರ್‌ಪಿ ಎಂದರೆ ತೆರಿಗೆಯೂ ಸೇರಿದ ಬೆಲೆಯಾದ್ದರಿಂದ ಅದನ್ನು ತೆಗೆದರೆ ಉಳಿಯುವುದು 200. ಅಂಗಡಿಯವರಿಗೆ ಕೊಡುವ ದರ, ವ್ಯಾಪಾರದ ಮಾತಿನಲ್ಲಿ ಪಿಟಿಆರ್, 170 ರೂಪಾಯಿ. ಏಜೆನ್ಸಿಗೆ ಕೊಡುವ ದರ, ಅಂದರೆ ಪಿಟಿಎಸ್, 160. ಇವೆರಡರ ಮೇಲೂ ತೆರಿಗೆ ಬೇರೆ.

ಲಾಭದ ಶೇಕಡಾವಾರು ಬಂದ ಕೂಡಲೇ ಕಣ್ಣು ಚುರುಕಾಗಬೇಕು. ಅಂಗಡಿಯವರಿಗೆ ಪೊಟ್ಟಣಕ್ಕೆ 30 ರೂಪಾಯಿ ಉಳಿಯುತ್ತದೆ. ಮಾರುವ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಅದು ಶೇ 15, ಕೊಂಡ ಬೆಲೆಯ ಮೇಲೆ ಹಾಕಿದರೆ ಶೇ 17.6. ಹಣ ಅದೇ, ಹೇಳುವ ಬಗೆ ಬೇರೆ. ಸುತ್ತೋಲೆ ಬರೆಯುವವರು ಸಾಮಾನ್ಯವಾಗಿ ಯಾವ ಅಂಕಿ ದೊಡ್ಡದೋ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಇನ್ನೂ ಕೆಲವರು ತೆರಿಗೆ ಸಹಿತ 178.50ಕ್ಕೆ ಕೊಂಡು 210ಕ್ಕೆ ಮಾರಿದರೆ 31.50 ಉಳಿಯಿತು ಎನ್ನುತ್ತಾರೆ. ಅದರಲ್ಲಿ ಒಂದೂವರೆ ರೂಪಾಯಿ ಸರ್ಕಾರಕ್ಕೆ ಕಟ್ಟಬೇಕಾದದ್ದು, ಅಂಗಡಿಯದಲ್ಲ. ಅನುಭವಿ ವಿತರಕರು ಶೇಕಡಾವಾರನ್ನು ಓದುವುದೇ ಇಲ್ಲ. ಪಿಟಿಎಸ್ ಮತ್ತು ಪಿಟಿಆರ್ ಎಷ್ಟೆಂದು ರೂಪಾಯಿಯಲ್ಲಿ ನೋಡಿ, ಒಂದರಿಂದ ಇನ್ನೊಂದನ್ನು ಕಳೆದು, ಪತ್ರವನ್ನು ಪಕ್ಕಕ್ಕಿಡುತ್ತಾರೆ.

ಇಲ್ಲಿ ಕಳೆದರೆ ಬರುವುದು 10 ರೂಪಾಯಿ. ಒಂದು ಕೇಸಿಗೆ 60 ಪೊಟ್ಟಣವೆಂದು ಹಿಡಿದರೆ ಹತ್ತು ಕೇಸಿಗೆ 96,000 ರೂಪಾಯಿ, ತೆರಿಗೆ 4,800 ಬೇರೆ. ಅಷ್ಟೂ ಮಾರಿದರೆ ಏಜೆನ್ಸಿಗೆ ಸಿಗುವುದು 6,000. ಮಾಲು ಹೋಗಿ ದುಡ್ಡು ಒಂದು ತಿಂಗಳಲ್ಲಿ ವಾಪಸು ಬಂದರೆ ಶೇ 6.25 ಗಿಟ್ಟಿತು. ಅಂಗಡಿಯವರು ಮೂರು ವಾರ ಸಾಲ ಹೇಳಿ, ಗೋದಾಮಿನಲ್ಲಿ ಅರ್ಧ ಮಾಲು ಕೂತು, ಎಲ್ಲ ವಸೂಲಾಗಲು ಎಪ್ಪತ್ತೈದು ದಿನ ಹಿಡಿದರೆ ಅದೇ 6,000 ರೂಪಾಯಿಯನ್ನು ಎರಡೂವರೆ ತಿಂಗಳಿಗೆ ಹಂಚಬೇಕು. ತಿಂಗಳಿಗೆ 2,400. ಗೋದಾಮಿನ ಬಾಡಿಗೆ, ಸೇಲ್ಸ್‌ಮನ್ ಸಂಬಳ, ಗಾಡಿಯ ಡೀಸೆಲ್, ಬ್ಯಾಂಕಿನ ಬಡ್ಡಿ ಎಲ್ಲಕ್ಕೂ ಅದರಲ್ಲೇ ಪಾಲು ಹೋಗಬೇಕು. ಆದ್ದರಿಂದ ಲಾಭ ಶೇ 6ಕ್ಕಿಂತ ಶೇ 8 ಮೇಲು ಎಂಬ ಮಾತು ಅರ್ಧ ಸತ್ಯ. ಬೇಗ ತಿರುಗುವ ಶೇ 6, ಕೂತುಕೊಳ್ಳುವ ಶೇ 8ಕ್ಕಿಂತ ಎಷ್ಟೋ ವಾಸಿ. ಕಾಫಿಪುಡಿಯಲ್ಲಂತೂ ಬೇಗ ತಿರುಗಿದರೆ ದುಡ್ಡಷ್ಟೇ ಅಲ್ಲ, ಘಮವೂ ಉಳಿಯುತ್ತದೆ.

ಇದಕ್ಕೆ ನೇರ ವೈರಿ ಬಿಡುಗಡೆಯ ಸ್ಕೀಮು. ಹೊಸ ಮಾಲಿನ ಸುತ್ತೋಲೆ ಎಂದ ಮೇಲೆ '12+1' ಎಂಬ ಸಾಲು ಇರಲೇಬೇಕು. ಹನ್ನೆರಡು ಕೊಂಡರೆ ಒಂದು ಉಚಿತ. ಅಂಗಡಿಯವರು 2,040 ರೂಪಾಯಿಗೆ 13 ಪೊಟ್ಟಣ ಪಡೆಯುತ್ತಾರೆ, ಒಂದಕ್ಕೆ 157 ರೂಪಾಯಿಗೂ ಕಡಿಮೆ ಬಿತ್ತು. ಏಜೆನ್ಸಿ ಕೊಂಡದ್ದೇ 160ಕ್ಕೆ ಎಂಬುದು ಇಲ್ಲಿ ನೆನಪಿರಲಿ. ಕಂಪನಿಯು ಏಜೆನ್ಸಿಗೂ ಅದೇ ಲೆಕ್ಕದಲ್ಲಿ ಬಿಲ್ಲಿನಲ್ಲೇ ಉಚಿತ ಪೊಟ್ಟಣ ಕೊಟ್ಟರೆ ತೊಂದರೆಯಿಲ್ಲ. 1,920 ಕೊಟ್ಟು ಕೊಂಡದ್ದು 2,040ಕ್ಕೆ ಹೋಗಿ 120 ರೂಪಾಯಿ ಉಳಿಯುತ್ತದೆ. 'ಮೊದಲು ನೀವು ಕೊಡಿ, ಆಮೇಲೆ ಕ್ಲೇಮ್ ಕಳಿಸಿ' ಎಂದರೆ ಕಥೆ ಬೇರೆ. ಹದಿಮೂರು ಪೊಟ್ಟಣಕ್ಕೆ 2,080 ಹಾಕಿದ ಏಜೆನ್ಸಿ ಪ್ರತಿ ಮಾರಾಟದಲ್ಲೂ 40 ರೂಪಾಯಿ ಕೈಯಿಂದ ಇಟ್ಟು, ಕ್ರೆಡಿಟ್ ನೋಟಿಗಾಗಿ ಕಾಯಬೇಕು. ಕ್ಲೇಮಿಗೆ ಎಷ್ಟು ದಿನದಲ್ಲಿ ಕ್ರೆಡಿಟ್ ನೋಟ್ ಬರುತ್ತದೆ ಎಂದು ಸುತ್ತೋಲೆಯಲ್ಲಿ ಬರೆಯದಿದ್ದರೆ ಆ ಸ್ಕೀಮಿನ ಖರ್ಚು ಅಷ್ಟು ದಿನ ಕಂಪನಿಯದಲ್ಲ, ಏಜೆನ್ಸಿಯದು.

ದುಡ್ಡಿನ ಮಾತು ಹಾಗಿರಲಿ, ಕುಡಿಯುವವರ ಮಾತು ಬೇರೆಯೇ ಇದೆ. ಮೂಲೆಯಂಗಡಿಯೊಂದರಲ್ಲಿ ಈ ಪುಡಿ ವಾರಕ್ಕೆ ಎರಡು ಪೊಟ್ಟಣ ಹೋಗುತ್ತದೆ ಎಂದುಕೊಳ್ಳೋಣ. ಸ್ಕೀಮ್ ಇಲ್ಲದಿದ್ದರೆ ಅಂಗಡಿಯವರು ನಾಲ್ಕು ತರಿಸುತ್ತಿದ್ದರು, ಎರಡು ವಾರಕ್ಕೊಮ್ಮೆ ಹೊಸ ಮಾಲು ಬರುತ್ತಿತ್ತು. ಸ್ಕೀಮಿನ ಆಸೆಗೆ ಹದಿಮೂರು ತರಿಸಿದರು. ಕೊನೆಯ ಪೊಟ್ಟಣ ಮಾರಾಟವಾಗುವ ಹೊತ್ತಿಗೆ ಆರೂವರೆ ವಾರ ದಾಟಿರುತ್ತದೆ, ಅದೂ ಬಿಸಿಲು ಬೀಳುವ ಕಪಾಟಿನಲ್ಲಿ. ಸಾರಜನಕ ತುಂಬಿ, ಗಾಳಿ ಹೊರಹೋಗುವ ಕವಾಟವಿಟ್ಟ ಒಳ್ಳೆಯ ಪೊಟ್ಟಣವಾದರೆ ಇಷ್ಟು ದಿನ ತಡೆದುಕೊಳ್ಳುತ್ತದೆ. ಸಾದಾ ಪ್ಲಾಸ್ಟಿಕ್ ಪೊಟ್ಟಣ ತಡೆಯುವುದಿಲ್ಲ. ಸೋಪಿಗೆ 12+1 ಒಳ್ಳೆಯ ಸ್ಕೀಮ್, ಕಾಫಿಪುಡಿಗೆ ಕೆಟ್ಟದ್ದು. ಅದರ ಬದಲು ಮೊದಲ ಎರಡು ಆರ್ಡರುಗಳಿಗೆ ಪೊಟ್ಟಣಕ್ಕೆ ಇಷ್ಟು ಎಂದು ನೇರ ರಿಯಾಯಿತಿ ಕೊಟ್ಟರೆ ಅಂಗಡಿಯವರು ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ತರಿಸುತ್ತಾರೆ. ಕಂಪನಿಗಳು ಇದನ್ನು ಅಷ್ಟಾಗಿ ಇಷ್ಟಪಡುವುದಿಲ್ಲ, ಏಕೆಂದರೆ ತಿಂಗಳ ಕೊನೆಯ ಟಾರ್ಗೆಟ್ ಅದರಿಂದ ತುಂಬುವುದಿಲ್ಲ.

ಸ್ಟಾಕಿನ ಸಾಲಿನಲ್ಲಿ 'ಮೊದಲು ಬಂದವರಿಗೆ ಆದ್ಯತೆ' ಎಂದಿದ್ದರೆ ಆತುರಪಡುವುದು ಸಹಜ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ: ಮೊದಲ ಲಾಟ್ ಪ್ಯಾಕ್ ಆದದ್ದು ಯಾವತ್ತು? ಬಿಡುಗಡೆಗೆ ಸಾಕಷ್ಟು ಮಾಲು ಬೇಕೆಂದು ಕಾರ್ಖಾನೆಯವರು ವಾರಗಟ್ಟಲೆ ಮೊದಲೇ ಪ್ಯಾಕ್ ಮಾಡಿ ಪೇರಿಸಿರುತ್ತಾರೆ. ಹೊಸ ಮಾಲು ಎಂದು ಬರುವುದು ಡಿಪೊದಲ್ಲಿ ಎರಡು ತಿಂಗಳು ಕೂತದ್ದಾಗಿರಬಹುದು. 2024ರ ನವೆಂಬರಿನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಮಾರಾಟಗಾರರಿಗೆ, ಗ್ರಾಹಕರ ಕೈಸೇರುವಾಗ ಆಹಾರ ಪದಾರ್ಥದ ಬಾಳಿಕೆಯಲ್ಲಿ ಕನಿಷ್ಠ ಶೇ 30 ಅಥವಾ 45 ದಿನ ಉಳಿದಿರಬೇಕು ಎಂದು ಸೂಚಿಸಿತು. ಒಂಬತ್ತು ತಿಂಗಳ ಬಾಳಿಕೆಯ ಕಾಫಿಪುಡಿಗೆ ಇದು ತೀರಾ ಸಡಿಲ ಅಳತೆ, ಏಕೆಂದರೆ ಕೆಡದೆ ಇರುವುದು ಬೇರೆ, ಘಮಘಮಿಸುವುದು ಬೇರೆ. ಏಜೆನ್ಸಿಗೆ ಮಾಲು ತಲುಪುವಾಗ ಪ್ಯಾಕ್ ಆಗಿ ಮೂವತ್ತು ದಿನ ಮೀರಿರಬಾರದು ಎಂದು ಲಿಖಿತವಾಗಿ ಕೇಳುವುದು ನ್ಯಾಯ. ಅವಧಿ ಮೀರಿದ ಮಾಲನ್ನು ಕಂಪನಿ ವಾಪಸು ತೆಗೆದುಕೊಳ್ಳುತ್ತದೆಯೇ, ಪೂರ್ತಿ ಬೆಲೆಗೋ ಅರ್ಧಕ್ಕೋ ಎಂಬುದೂ ಆ ಸಾಲಿನ ಪಕ್ಕದಲ್ಲೇ ಇರಬೇಕು.

ದರದ ಬಗ್ಗೆ ಇನ್ನೊಂದು ಮಾತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿ ದಾಖಲೆ ಬರೆಯಿತು. ಬ್ರೆಜಿಲ್‌ನ ಬರದ ಬಿಸಿ ಚಿಕ್ಕಮಗಳೂರು, ಕೊಡಗಿನ ಬೀಜದ ದರಕ್ಕೂ ತಟ್ಟಿತು. ಇಂಥ ಕಾಲದಲ್ಲಿ ಸುತ್ತೋಲೆಯ ದರ ಎಷ್ಟು ದಿನ ನಿಲ್ಲುತ್ತದೆ ಎಂಬುದು ಮುಖ್ಯ. ಏರಿದರೆ ಹಳೆಯ ಪೊಟ್ಟಣದ ಎಂಆರ್‌ಪಿಯ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸುವಂತಿಲ್ಲ, ಅದು ಕಾನೂನು. ಇಳಿದರೆ ಪೆಟ್ಟು ಬೀಳುವುದು ಗೋದಾಮಿನಲ್ಲಿ ಹಳೆಯ ದರದ ಮಾಲು ಇಟ್ಟುಕೊಂಡವರಿಗೆ. ಇನ್‌ಸ್ಟಂಟ್ ಕಾಫಿಯ ವಿತರಕರಿಗೆ ಇದು 2025ರಲ್ಲೇ ಅನುಭವಕ್ಕೆ ಬಂತು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ ತೀರ್ಮಾನ ಹೊರಬಿತ್ತು, 22ರಿಂದ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು. ಶೇ 18 ಕೊಟ್ಟು ಕೊಂಡ ಮಾಲನ್ನು ಶೇ 5ರಲ್ಲಿ ಮಾರಬೇಕಾಗಿ ಬಂದಾಗ ವ್ಯತ್ಯಾಸದ ಹಣ ತೆರಿಗೆ ಖಾತೆಯಲ್ಲಿ ಜಮೆಯಾಗಿ ಕೂತಿತು, ಕೈಗೆ ಬರಲಿಲ್ಲ. ದರ ಇಳಿದರೆ ಉಳಿದ ಸ್ಟಾಕಿಗೆ ಕಂಪನಿ ವ್ಯತ್ಯಾಸ ಭರಿಸುತ್ತದೆ ಎಂಬ ಒಂದು ಸಾಲು ಸುತ್ತೋಲೆಯಲ್ಲಿ ಇದೆಯೋ ಇಲ್ಲವೋ ಎಂದು ನೋಡುವುದು ಆ ಸೆಪ್ಟೆಂಬರಿನ ನಂತರ ಅತಿ ಜಾಗ್ರತೆ ಎನಿಸುವುದಿಲ್ಲ.

ಬಿಡುಗಡೆಯ ದಿನಾಂಕ ಒಂದೇ ಎಂದು ಕಾಣುತ್ತದೆ, ನಿಜದಲ್ಲಿ ಅಲ್ಲಿ ಮೂರಿವೆ. ಏಜೆನ್ಸಿಗೆ ಬಿಲ್ ಆಗುವ ದಿನ, ಅಂಗಡಿಗಳಿಗೆ ಮಾಲು ಇಡುವ ದಿನ, ಟಿವಿಯಲ್ಲೋ ಪತ್ರಿಕೆಯಲ್ಲೋ ಜಾಹೀರಾತು ಬರುವ ದಿನ. ತಿಂಗಳ ಮೂವತ್ತಕ್ಕೆ ಬಿಲ್ ಮಾಡಿ, ಮುಂದಿನ ತಿಂಗಳ ಹದಿನೈದಕ್ಕೆ ಜಾಹೀರಾತು ಎಂದರೆ, ಹದಿನೈದು ದಿನ ಏಜೆನ್ಸಿಯ ದುಡ್ಡು, ಪುಡಿಯ ಘಮ ಎರಡೂ ಸುಮ್ಮನೆ ಖರ್ಚಾಗುತ್ತವೆ. ಬಿಲ್ಲಿಗೂ ಜಾಹೀರಾತಿಗೂ ಒಂದು ವಾರಕ್ಕಿಂತ ಹೆಚ್ಚು ಅಂತರ ಇಡುವ ಕಂಪನಿಗೆ ತನ್ನ ಕಾಫಿಗಿಂತ ತನ್ನ ತಿಂಗಳ ಲೆಕ್ಕದ ಮೇಲೇ ಪ್ರೀತಿ ಜಾಸ್ತಿ.

ಈ ಪತ್ರ ಕುಡಿಯುವವರ ಕೈಗೆ ಬರುವುದಿಲ್ಲ ನಿಜ, ಅದರ ಫಲ ಮಾತ್ರ ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ. ಹೊಸ ಬ್ರಾಂಡಿನ ಕಾಫಿಪುಡಿ ಕೊಳ್ಳುವಾಗ ಚಿಕೋರಿಯ ಪ್ರಮಾಣ ನೋಡಿದ ಮೇಲೆ, ಅದರ ಹತ್ತಿರವೇ ಇರುವ ಪ್ಯಾಕ್ ಮಾಡಿದ ದಿನಾಂಕವನ್ನೂ ಓದಿ. ಬಿಡುಗಡೆಯಾದ ವಾರದಲ್ಲೇ ಅದು ಎರಡು ತಿಂಗಳ ಹಿಂದಿನದಾಗಿದ್ದರೆ ಆ ಪೊಟ್ಟಣವನ್ನು ಅಲ್ಲೇ ಬಿಟ್ಟು, ಮುಂದಿನ ಲಾಟ್ ಯಾವಾಗ ಬರುತ್ತದೆ ಎಂದು ಅಂಗಡಿಯವರನ್ನು ಕೇಳಿ. ಅವರು ಸೇಲ್ಸ್‌ಮನ್‌ನನ್ನು ಕೇಳುತ್ತಾರೆ, ಅವನು ಏಜೆನ್ಸಿಯವರನ್ನು ಕೇಳುತ್ತಾನೆ.